ಟೇಪಿಗೆ ಸಿಗದ ತಪ್ಪು: ಬೇಸ್, ರೋವರ್ ಇಟ್ಟು ಗಡಿ ಗೂಟ ಹೊಡೆಯುವಾಗ

ಒಂದು ಜಿಪಿಎಸ್ ರಿಸೀವರನ್ನು ಬೇಸ್ ಅಂತ ಒಂದೇ ಕಡೆ ನಿಲ್ಲಿಸಿ, ಇನ್ನೊಂದನ್ನು, ಅಂದರೆ ರೋವರನ್ನು, ಕೋಲಿನ ಮೇಲೆ ಹಿಡಿದು ನಿಂತಿದ್ದೀರಿ. ಸ್ಕ್ರೀನಿನಲ್ಲಿ FIXED ಅಂತ ಬಂದಿದೆ, ಪಕ್ಕದಲ್ಲಿ 0.012 ಅಂತ ಇದೆ. ಇದರ ಅರ್ಥ ಏನು? ನಾನು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ನಾನು ನಿಂತಿರುವ ಜಾಗ 12 ಮಿಲಿಮೀಟರ್ ಒಳಗೆ ಗೊತ್ತಾಗಿದೆ.’ ಅದು ಪೂರ್ತಿ ನಿಜ ಅಲ್ಲ. ಬೇಸಿನಿಂದ ರೋವರ್‌ಗೆ ಇರುವ ದೂರ ಮತ್ತು ದಿಕ್ಕು ಅಷ್ಟು ಚೆನ್ನಾಗಿ ಗೊತ್ತಾಗಿದೆ ಅಂತ ಮಾತ್ರ ಅದು ಹೇಳುತ್ತಿದೆ. ಬೇಸ್ ಎಲ್ಲಿದೆ ಅನ್ನೋದನ್ನು ರೋವರ್ ಪರೀಕ್ಷೆ ಮಾಡುವುದೇ ಇಲ್ಲ. ಬೇಸ್ ಹೇಳಿದ್ದನ್ನು ಹಾಗೇ ನಂಬುತ್ತದೆ. ಇವತ್ತಿನ ಮಾತಿನ ಬಹುಪಾಲು ಇದರ ಸುತ್ತಲೇ ಇರುತ್ತದೆ.

ಮೊದಲು ಎರಡು ನಿಮಿಷ ಒಳಗಿನ ವಿಷಯ. ಒಂದೇ ರಿಸೀವರ್ ಸುಮ್ನೆ ಆಕಾಶಕ್ಕೆ ಮುಖ ಮಾಡಿ ಕೂತರೆ ಕೆಲವು ಮೀಟರ್ ಆಚೀಚೆ ಇರುವ ಜಾಗ ಹೇಳುತ್ತದೆ. ಉಪಗ್ರಹದ ಗಡಿಯಾರ, ಅದರ ಕಕ್ಷೆ, ಮೇಲಿನ ವಾತಾವರಣ, ಎಲ್ಲವೂ ಸ್ವಲ್ಪ ಸ್ವಲ್ಪ ತಪ್ಪು ಸೇರಿಸುತ್ತವೆ. ಹತ್ತಿರದಲ್ಲೇ ಇರುವ ಎರಡು ರಿಸೀವರ್‌ಗಳಿಗೆ ಈ ತಪ್ಪುಗಳು ಹೆಚ್ಚುಕಮ್ಮಿ ಒಂದೇ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಅವು ಹೊರಟುಹೋಗುತ್ತವೆ. ಆಮೇಲೆ ಉಳಿಯುವುದು ಅಲೆಯ ಲೆಕ್ಕ. ಜಿಪಿಎಸ್‌ನ ಮುಖ್ಯ ಸಂಕೇತದ ಒಂದು ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ಒಂದು ತುಣುಕನ್ನು ರಿಸೀವರ್ ಮಿಲಿಮೀಟರ್ ಮಟ್ಟದಲ್ಲಿ ಅಳೆಯಬಲ್ಲದು. ಆದರೆ ಮಧ್ಯದಲ್ಲಿ ಎಷ್ಟು ಪೂರ್ತಿ ಅಲೆಗಳಿವೆ ಅನ್ನೋದು ಅದಕ್ಕೆ ಗೊತ್ತಿರುವುದಿಲ್ಲ. ಆ ಪೂರ್ಣ ಸಂಖ್ಯೆ ಸಿಕ್ಕಿದಾಗ FIXED, ಇನ್ನೂ ಸಿಗದೆ ತೂಗಾಡುತ್ತಿದ್ದರೆ FLOAT. ಫ್ಲೋಟ್‌ನಲ್ಲಿ ಗಡಿ ಗುರುತಿಸುವ ಮಾತೇ ಬೇಡ.

ಬೇಸ್ ‘ಕರೆಕ್ಷನ್’ ಕಳಿಸುತ್ತದೆ ಅಂತ ನಾವೆಲ್ಲ ಹೇಳ್ತೀವಿ. ‘ಇಷ್ಟು ಪೂರ್ವಕ್ಕೆ ಸರಿ, ಇಷ್ಟು ಉತ್ತರಕ್ಕೆ ಸರಿ’ ಅಂತ ಅದು ಕಳಿಸುತ್ತಿದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೀಗೆ ಬೇಸ್, ರೋವರ್ ಇಟ್ಟು ಸ್ಥಳದಲ್ಲೇ ಅಳೆಯುವ ಆರ್‌ಟಿಕೆಯಲ್ಲಿ ಸಾಮಾನ್ಯವಾಗಿ ಹಾಗಲ್ಲ. ಬೇಸ್ ಕಳಿಸುವುದು ಎರಡು: ತಾನು ಪ್ರತಿ ಉಪಗ್ರಹಕ್ಕೆ ಅಳೆದ ಅಳತೆ, ಮತ್ತು ತಾನು ಎಲ್ಲಿದ್ದೇನೆ ಅನ್ನುವ ಕೋಆರ್ಡಿನೇಟ್. ಬೇಸ್ ಬಳಸುವ ಸಂದೇಶದ ಮಾದರಿಯಾದ ಆರ್‌ಟಿಸಿಎಂ 3ರಲ್ಲಿ ಈ ಎರಡನೆಯದು 1005 ಅಥವಾ 1006 ಅನ್ನುವ ಸಂದೇಶದಲ್ಲಿ ಹೋಗುತ್ತದೆ. ಕಳೆಯುವ ಲೆಕ್ಕವೆಲ್ಲ ರೋವರ್ ಒಳಗೆ ನಡೆಯುತ್ತದೆ. ಹಾಗಾಗಿ 1005ರಲ್ಲಿ ಒಂದೂವರೆ ಮೀಟರ್ ತಪ್ಪಿದ್ದರೆ, ರೋವರ್ ಗುರುತಿಸುವ ಪ್ರತಿಯೊಂದು ಮೂಲೆಯೂ ಅದೇ ದಿಕ್ಕಿಗೆ ಅದೇ ಒಂದೂವರೆ ಮೀಟರ್ ತಪ್ಪಿರುತ್ತದೆ. ಸ್ಕ್ರೀನ್ ಮಾತ್ರ 0.012 ಅಂತಲೇ ತೋರಿಸುತ್ತಿರುತ್ತದೆ.

ಬೇಸನ್ನು ಇಡುವ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುತ್ತ ಆಕಾಶ ತೆರೆದಿರಬೇಕು, ದಿಗಂತದಿಂದ 15 ಡಿಗ್ರಿ ಮೇಲೆ ಏನೂ ಅಡ್ಡ ಇರದಿದ್ದರೆ ಒಳ್ಳೆಯದು. ತಗಡಿನ ಚಾವಣಿ, ನಿಂತ ಲಾರಿ, ಗಾಜಿನ ಗೋಡೆ ಪಕ್ಕ ಬೇಡ. ರೋವರ್‌ಗೆ ಕೆಟ್ಟ ಜಾಗ ಸಿಕ್ಕರೆ ಆ ಒಂದು ಮೂಲೆ ಕೆಡುತ್ತದೆ, ಬೇಸ್‌ಗೆ ಕೆಟ್ಟ ಜಾಗ ಕೊಟ್ಟರೆ ದಿನದ ಕೆಲಸವೆಲ್ಲ ಕೆಡುತ್ತದೆ. ದೂರದ ಚಿಂತೆ ಒಂದು ನಿವೇಶನದ ಕೆಲಸದಲ್ಲಿ ಅಷ್ಟಿಲ್ಲ. ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ 8 ಮಿ.ಮೀ. ಜೊತೆಗೆ ಪ್ರತಿ ಕಿಲೋಮೀಟರಿಗೆ 1 ಮಿ.ಮೀ. ನೀವು ಬೇಸಿನಿಂದ ಅರ್ಧ ಕಿಲೋಮೀಟರ್ ದೂರ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮಾತ್ರ ಮರೆಯಬೇಡಿ: ಟ್ರೈಪಾಡ್ ಕೆಳಗೆ ನೆಲದಲ್ಲಿ ಒಂದು ಮೊಳೆ ಹೊಡೆದು, ಅದರ ಮೇಲೇ ಸರಿಯಾಗಿ ಸೆಂಟರ್ ಮಾಡಿ. ಆ ಜಾಗದ ಕೋಆರ್ಡಿನೇಟ್ ಗೊತ್ತಿಲ್ಲದಿದ್ದರೂ ಮೊಳೆ ಬೇಕು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ನಾಲ್ಕು ಮೂಲೆಯ ಒಂದು ಜಮೀನು, P1ರಿಂದ P4. ನಾಲ್ಕಕ್ಕೂ ಕೋಆರ್ಡಿನೇಟ್ ದಾಖಲೆಯಲ್ಲಿದೆ. ಅದೇ ಸರ್ವೆಯಲ್ಲಿ ಬಳಸಿದ ಎರಡು ಕಂಟ್ರೋಲ್ ಪಾಯಿಂಟ್‌ಗಳು, ಅಂದರೆ ಕೋಆರ್ಡಿನೇಟ್ ಗೊತ್ತಿರುವ ಕಲ್ಲುಗಳು, C1 ಮತ್ತು C2, ನೆಲದಲ್ಲಿ ಇನ್ನೂ ಉಳಿದಿವೆ. C1ರ ಮೇಲೆ ಮರದ ನೆರಳು ಅರ್ಧ ಬೀಳುತ್ತದೆ, ಬೇಸ್‌ಗೆ ಆಗಿಬರುವುದಿಲ್ಲ. ಹಾಗಾಗಿ ಬೇಸನ್ನು ಬಯಲಲ್ಲಿ ಹೊಸ ಮೊಳೆಯ ಮೇಲೆ ಇಟ್ಟಿದ್ದೀವಿ. ಅದರ ಕೋಆರ್ಡಿನೇಟ್ ಗೊತ್ತಿಲ್ಲ. ಕಂಟ್ರೋಲರ್‌ನಲ್ಲಿ Here ಅಂತ ಒಂದು ಬಟನ್ ಇರುತ್ತದೆ. ಒತ್ತಿದರೆ ಬೇಸ್ ತನ್ನ ಕೆಲವು ಮೀಟರ್ ತಪ್ಪಿನ ಜಾಗವನ್ನೇ ‘ಇದು ನನ್ನ ಜಾಗ’ ಅಂತ ಘೋಷಿಸಿಬಿಡುತ್ತದೆ. ಒತ್ತುವುದು ತಪ್ಪಲ್ಲ. ಒತ್ತಿದ ಮೇಲೆ ಸೀದಾ ಮೂಲೆಗೆ ನಡೆಯುವುದು ತಪ್ಪು.

ಮೊದಲು C1ಕ್ಕೆ ಹೋಗಿ. ನೆರಳಿದ್ದರೂ ರೋವರ್ ಅಲ್ಲಿ ಫಿಕ್ಸ್ ಆಯಿತು ಅಂತಿಟ್ಟುಕೊಳ್ಳಿ. ಅರ್ಧ ನಿಮಿಷ ಅಳೆದು, ಫಿಕ್ಸ್ ಬಿಡಿಸಿ, ಮತ್ತೆ ಫಿಕ್ಸ್ ಮಾಡಿ ಇನ್ನೊಮ್ಮೆ ಅಳೆಯಿರಿ. ಆಮೇಲೆ C2ಕ್ಕೆ ಹೋಗಿ ಹಾಗೇ ಮಾಡಿ. ನಮಗೆ ಸಿಕ್ಕಿದ್ದು ಹೀಗೆ, ಕೊನೆಯ ಮೂರು ಪೂರ್ಣ ಅಂಕಿಗಳನ್ನು ಮಾತ್ರ ಬರೆದಿದ್ದೇನೆ. ಪ್ರತಿ ಜೋಡಿಯಲ್ಲಿ ಮೇಲಿನದು ದಾಖಲೆ, ಕೆಳಗಿನದು ಅಳತೆ, ಕೊನೆಯದು ವ್ಯತ್ಯಾಸ:

```
          E         N
C1   412.360   805.140
     413.742   804.228
      +1.382    -0.912

C2   538.915   861.472
     540.309   860.548
      +1.394    -0.924
```

ವ್ಯತ್ಯಾಸ ದೊಡ್ಡದಿದೆ, ಸುಮಾರು 1.66 ಮೀಟರ್. ಆದರೆ ಗಾಬರಿ ಬೇಡ. ಎರಡೂ ಕಡೆ ವ್ಯತ್ಯಾಸ ಒಂದೇ ತರಹ ಇದೆ, 12 ಮಿಲಿಮೀಟರ್ ಮಾತ್ರ ಆಚೀಚೆ. ಅಂದರೆ ರೋವರ್ ಸರಿ ಇದೆ, ಎರಡೂ ಕಲ್ಲುಗಳು ಜಾಗ ಬಿಟ್ಟು ಅಲುಗಿಲ್ಲ, ಬೇಸಿನ ಜಾಗ ಮಾತ್ರ ತಪ್ಪು. ಈ ವ್ಯತ್ಯಾಸದ ಸರಾಸರಿ ತೆಗೆದು ಬೇಸನ್ನು ಸರಿಸಬೇಕು: ಪೂರ್ವದ ಅಂಕಿಯಿಂದ 1.388 ಕಳೆಯಿರಿ, ಉತ್ತರದ ಅಂಕಿಗೆ 0.918 ಕೂಡಿಸಿ. ಕೆಲವು ಕಂಟ್ರೋಲರ್‌ಗಳಲ್ಲಿ ಬೇಸ್ ಶಿಫ್ಟ್ ಅಂತಲೇ ಮೆನು ಇರುತ್ತದೆ. ಆಮೇಲೆ ಮತ್ತೆ C1ರ ಮೇಲೆ ನಿಂತರೆ 412.354, 805.146 ಬರಬೇಕು. ದಾಖಲೆಗೂ ಅದಕ್ಕೂ 6 ಮಿ.ಮೀ. ವ್ಯತ್ಯಾಸ. C2ರಲ್ಲೂ ಅಷ್ಟೇ, ವಿರುದ್ಧ ದಿಕ್ಕಿಗೆ. ಇದಕ್ಕಿಂತ ಚೆನ್ನಾಗಿ ಕೂಡಿಸಲು ಆರ್‌ಟಿಕೆಯಲ್ಲಿ ಆಗುವುದಿಲ್ಲ, ಪ್ರಯತ್ನವೂ ಬೇಡ.

ಈ ಹೆಜ್ಜೆ ಬಿಟ್ಟು ಸೀದಾ ಮೂಲೆಗಳಿಗೆ ಹೋಗಿದ್ದರೆ ಏನಾಗುತ್ತಿತ್ತು? ನಾಲ್ಕೂ ಗೂಟ 1.66 ಮೀಟರ್ ಸರಿದು ಕೂರುತ್ತಿದ್ದವು. ಮಾಲೀಕರು ಟೇಪ್ ಹಿಡಿದು P1ರಿಂದ P2, P2ರಿಂದ P3 ಅಳೆಯುತ್ತಾರೆ. ಎಲ್ಲ ಬದಿಯೂ ಸರಿ. ಕರ್ಣ ಅಳೆಯುತ್ತಾರೆ, ಅದೂ ಸರಿ. ‘ಪರವಾಗಿಲ್ಲ, ಮೆಷಿನ್ ಚೆನ್ನಾಗಿದೆ’ ಅಂತಾರೆ. ಜಮೀನಿನ ಆಕಾರ ಕೆಟ್ಟಿಲ್ಲ, ಇಡೀ ಜಮೀನೇ ಪಕ್ಕದವರ ಕಡೆಗೆ ಸರಿದಿದೆ. ಇದನ್ನು ಟೇಪ್ ಹಿಡಿಯುವುದಿಲ್ಲ. ಟೋಟಲ್ ಸ್ಟೇಷನ್ ತಂದು ಆ ನಾಲ್ಕು ಗೂಟಗಳ ಮಧ್ಯೆ ಅಳೆದರೂ ಹಿಡಿಯುವುದಿಲ್ಲ. ಹೊರಗಿನ ಗೊತ್ತಿರುವ ಬಿಂದು ಒಂದೇ ಅದನ್ನು ಹಿಡಿಯುತ್ತದೆ.

ಇಲ್ಲಿ ಒಬ್ಬರು ತಲೆ ಅಲ್ಲಾಡಿಸ್ತಾ ಇದ್ದಾರೆ: ‘ನಾನು ಲೋಕಲೈಸೇಶನ್ ಮಾಡ್ತೀನಲ್ಲ, ಇದೆಲ್ಲ ಯಾಕೆ?’ ಒಳ್ಳೆಯ ಪ್ರಶ್ನೆ. ಲೋಕಲೈಸೇಶನ್ ಅಂದರೆ ನಮ್ಮ ಅಳತೆಯನ್ನು ದಾಖಲೆಯ ಬಿಂದುಗಳಿಗೆ ಸಾಫ್ಟ್‌ವೇರ್ ತಾನೇ ಹೊಂದಿಸುವುದು. ಎರಡೇ ಬಿಂದು ಕೊಟ್ಟು ಲೋಕಲೈಸೇಶನ್ ಮಾಡಿದರೆ, ಸಾಫ್ಟ್‌ವೇರ್ ಸರಿಸುವುದರ ಜೊತೆಗೆ ತಿರುಗಿಸುತ್ತದೆ, ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ನಾಲ್ಕು ಅಂಕಿ ಕೊಟ್ಟಿದ್ದೀರಿ, ಅದು ನಾಲ್ಕು ತಿರುಪುಗಳನ್ನು ತಿರುಗಿಸಬಹುದು. ಉತ್ತರ ಯಾವಾಗಲೂ ಸರಿಯಾಗಿ ಕೂಡುತ್ತದೆ, ಉಳಿಕೆ ಸೊನ್ನೆ. C2ರ ಕಲ್ಲನ್ನು ಯಾರೋ ಟ್ರ್ಯಾಕ್ಟರ್ ಹಾಯಿಸಿ 40 ಸೆಂ.ಮೀ. ಸರಿಸಿದ್ದರೂ ಸೊನ್ನೆ. ಸೊನ್ನೆ ನೋಡಿ ಖುಷಿಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡೇ ಬಿಂದು ಇದ್ದರೆ ತಿರುಗುವಿಕೆಯನ್ನು 0ಗೆ, ಸ್ಕೇಲನ್ನು 1ಕ್ಕೆ ಕಟ್ಟಿಹಾಕಿ, ಬರೀ ಸರಿಸುವುದನ್ನು ಮಾತ್ರ ಬಿಡಿ. ದಾಖಲೆಯೂ ನಿಮ್ಮ ಕಂಟ್ರೋಲರ್‌ನ ಪ್ರೊಜೆಕ್ಷನ್ನೂ ಒಂದೇ ಆಗಿದ್ದಾಗ ಇದು ನಡೆಯುತ್ತದೆ. ದಾಖಲೆ ಯಾವುದೋ ಸ್ಥಳೀಯ ಲೆಕ್ಕದಲ್ಲಿದ್ದರೆ ತಿರುಗಿಸಲೇಬೇಕಾಗುತ್ತದೆ. ಆಗ ಮೂರು ಬಿಂದುಗಳಾದರೂ ಬೇಕು, ನಾಲ್ಕಿದ್ದರೆ ಇನ್ನೂ ಒಳ್ಳೆಯದು. ಅವು ಜಮೀನನ್ನು ಸುತ್ತುವರಿದಿರಬೇಕು, ಒಂದೇ ಮೂಲೆಯಲ್ಲಿ ಗುಂಪಾಗಿರಬಾರದು.

ಎರಡು ಬಿಂದುಗಳ ವ್ಯತ್ಯಾಸ ಒಂದೇ ತರಹ ಬರದಿದ್ದರೆ? ಆಗ ಮೊದಲು C1ರಿಂದ C2ಕ್ಕೆ ದೂರ ಲೆಕ್ಕ ಹಾಕಿ. ನಮ್ಮ ದಾಖಲೆಯ ಪ್ರಕಾರ 138.526, ಅಳತೆಯ ಪ್ರಕಾರ 138.532. ಆರು ಮಿಲಿಮೀಟರ್, ಸರಿ. ದೂರ ಹತ್ತಿಪ್ಪತ್ತು ಸೆಂಟಿಮೀಟರ್ ತಪ್ಪಿದರೆ ಒಂದು ಕಲ್ಲು ಸರಿದಿರಬಹುದು. ಯಾವುದು ಅಂತ ಎರಡನ್ನೇ ಇಟ್ಟುಕೊಂಡು ಹೇಳಲಾಗುವುದಿಲ್ಲ. ಮೂರನೆಯದನ್ನು ಹುಡುಕಿ. ದೂರ ಐದೂವರೆ ಸೆಂಟಿಮೀಟರ್ ತಪ್ಪಿದರೆ ಇನ್ನೊಂದು ಅನುಮಾನ ಬರಬೇಕು. ಯುಟಿಎಂ ನಕ್ಷೆಯಲ್ಲಿ ವಲಯದ ನಡುರೇಖೆಯ ಹತ್ತಿರ ಎಲ್ಲ ದೂರವನ್ನೂ 0.9996ರಿಂದ ಗುಣಿಸಿರುತ್ತಾರೆ. ನೂರು ಮೀಟರಿಗೆ 4 ಸೆಂಟಿಮೀಟರ್ ಕಮ್ಮಿ. 138 ಮೀಟರಿಗೆ ಐದೂವರೆ. ದಾಖಲೆ ನೆಲದ ಟೇಪ್ ಅಳತೆಯದಾಗಿದ್ದು, ನಿಮ್ಮ ಕಂಟ್ರೋಲರ್ ಈ ನಕ್ಷೆಯ ಗ್ರಿಡ್‌ನಲ್ಲಿದ್ದರೆ ಸರಿಯಾಗಿ ಇದೇ ಕಾಣುತ್ತದೆ. ಗುರುತಿಸುವ ರೀತಿ ಸುಲಭ: ಸ್ಕೇಲ್ ತಪ್ಪಾದರೆ ಎಲ್ಲ ದೂರಗಳೂ ಒಂದೇ ಅನುಪಾತದಲ್ಲಿ ತಪ್ಪುತ್ತವೆ, ಕಲ್ಲು ಸರಿದಿದ್ದರೆ ಆ ಕಲ್ಲಿಗೆ ಹೋಗುವ ದೂರಗಳು ಮಾತ್ರ ತಪ್ಪುತ್ತವೆ. ಇನ್ನು Here ಒತ್ತಿದ ಮೇಲೆ ವ್ಯತ್ಯಾಸ ಒಂದೆರಡು ಮೀಟರ್ ಬದಲು ನೂರಾರು ಮೀಟರ್ ಬಂದರೆ ಅದು ಬೇಸಿನ ತಪ್ಪಲ್ಲ. ಡೇಟಂ, ಅಂದರೆ ಕೋಆರ್ಡಿನೇಟ್ ಎಣಿಸುವ ಮೂಲ ಆಧಾರ, ಬೇರೆ ಆಯ್ಕೆ ಆಗಿದೆ. ಅದನ್ನು ಶಿಫ್ಟ್ ಹಾಕಿ ಮುಚ್ಚಬೇಡಿ, ಸೆಟ್ಟಿಂಗ್ ಸರಿ ಮಾಡಿ.

ಈಗ ಆ ಮೊಳೆಯ ವಿಷಯ. ಮಧ್ಯಾಹ್ನ ಬೇಸಿನ ಬ್ಯಾಟರಿ ಮುಗಿಯುತ್ತದೆ. ಜೊತೆಗಿದ್ದವರು ಬದಲಾಯಿಸಿ ಆನ್ ಮಾಡುತ್ತಾರೆ. ತಾನಾಗಿ ಶುರುವಾಗುವ ಹಾಗೆ ಸೆಟ್ ಮಾಡಿದ ಕೆಲವು ಬೇಸ್‌ಗಳು ಆನ್ ಆದ ಕೂಡಲೇ ತಮ್ಮ ಜಾಗವನ್ನು ಹೊಸದಾಗಿ ಹುಡುಕಿಕೊಳ್ಳುತ್ತವೆ. ಟ್ರೈಪಾಡ್ ಕದಲಿಲ್ಲ, ಆಂಟೆನಾ ಕದಲಿಲ್ಲ, ಆದರೆ 1005ರಲ್ಲಿ ಹೋಗುವ ಅಂಕಿ ಬದಲಾಯಿತು. ರೋವರ್ ಒಂದು ನಿಮಿಷ ಸುಮ್ಮನಿದ್ದು ಮತ್ತೆ FIXED ಅನ್ನುತ್ತದೆ. P1, P2 ಬೆಳಗಿನ ಲೆಕ್ಕದಲ್ಲಿ, P3, P4 ಮಧ್ಯಾಹ್ನದ ಲೆಕ್ಕದಲ್ಲಿ. ಈ ಸಲ ಟೇಪ್ ನಿಮ್ಮನ್ನು ಉಳಿಸಬಹುದು, ಯಾಕೆಂದರೆ P2–P3 ಬದಿ ಕೂಡುವುದಿಲ್ಲ. ಬೇಸಿನ ಜಾಗ ಬದಲಾಗಿದೆ ಅಂತ ಕೆಲವು ಕಂಟ್ರೋಲರ್‌ಗಳು ಎಚ್ಚರಿಕೆ ಕೊಡುತ್ತವೆ. ನಾವು ಓದದೆ OK ಒತ್ತುತ್ತೇವೆ, ಅಲ್ವಾ? ಹಾಗಾಗಿ ಬೆಳಿಗ್ಗೆ ಸರಿ ಮಾಡಿದ ಬೇಸಿನ ಕೋಆರ್ಡಿನೇಟನ್ನು ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಿ. ಬೇಸ್ ಮತ್ತೆ ಶುರುವಾದಾಗ ಅದನ್ನೇ ಕೊಡಿ, Here ಮುಟ್ಟಬೇಡಿ. ಮಾರನೆಯ ದಿನ ಬಂದರೂ ಅದೇ ಮೊಳೆ, ಅದೇ ಅಂಕಿ. ಆಂಟೆನಾ ಎತ್ತರವನ್ನು ಹೊಸದಾಗಿ ಅಳೆದು ಬರೆಯಿರಿ, ನೇರ ಎತ್ತರವೋ ಓರೆ ಅಳತೆಯೋ ಅಂತ ಸರಿಯಾಗಿ ಆಯ್ಕೆ ಮಾಡಿ. ನಿಜ ಹೇಳಬೇಕೆಂದರೆ ಎತ್ತರದ ತಪ್ಪು ಗಡಿ ಕೆಲಸದಲ್ಲಿ ಅಷ್ಟು ಕಾಡುವುದಿಲ್ಲ, ಅದು ಮಟ್ಟವನ್ನು ಕೆಡಿಸುತ್ತದೆ, ಪೂರ್ವ–ಉತ್ತರವನ್ನಲ್ಲ. ಸೆಂಟರಿಂಗ್ ಹಾಗಲ್ಲ. ಟ್ರೈಪಾಡ್ ಮೇಲೆ ಆಂಟೆನಾ ಹಿಡಿದಿರುವ ಟ್ರೈಬ್ರಾಕ್ ಮೊಳೆಯಿಂದ ಒಂದು ಸೆಂಟಿಮೀಟರ್ ಸರಿದಿದ್ದರೆ ಎಲ್ಲ ಮೂಲೆಗಳೂ ಒಂದು ಸೆಂಟಿಮೀಟರ್ ಸರಿಯುತ್ತವೆ.

ಇನ್ನು ಗೂಟ ಹೊಡೆಯುವುದು. ಸ್ಟೇಕೌಟ್‌ನಲ್ಲಿ P1 ಆಯ್ಕೆ ಮಾಡಿ ನಡೆಯಿರಿ. ದೂರದಲ್ಲಿರುವಾಗ ಬಾಣ ನೋಡಿ ನಡೆಯಬಹುದು. ಹತ್ತಿರ ಬಂದು ನಿಂತಾಗ ಬಾಣ ಗಿರಗಿರ ತಿರುಗುತ್ತದೆ. ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತ ಒಂದೇ ಆಂಟೆನಾಗೆ ಗೊತ್ತಾಗುವುದಿಲ್ಲ, ನಡೆದಾಗ ಮಾತ್ರ ಊಹಿಸುತ್ತದೆ. ಆಗ ಉತ್ತರಕ್ಕೆ ಇಷ್ಟು, ಪೂರ್ವಕ್ಕೆ ಇಷ್ಟು ಅನ್ನುವ ಅಂಕಿಗಳಿಗೆ ಬದಲಾಯಿಸಿಕೊಂಡು, ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕೊನೆಯ ಹತ್ತು ಸೆಂಟಿಮೀಟರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಕೋಲಿನ ಬಬಲ್. 2 ಮೀಟರ್ ಕೋಲು ಒಂದೇ ಡಿಗ್ರಿ ವಾಲಿದರೂ ಮೇಲಿನ ಆಂಟೆನಾ ಮೂರೂವರೆ ಸೆಂಟಿಮೀಟರ್ ಸರಿಯುತ್ತದೆ. ಬಬಲ್ ಸರಿ ಇದೆಯಾ ಅಂತ ನೋಡಲು ಬೈಪಾಡ್ ಹಾಕಿ, ಮೊನೆಯನ್ನು ಒಂದೇ ಕಡೆ ಇಟ್ಟು ಅಳೆಯಿರಿ. ಕೋಲನ್ನು ಅರ್ಧ ಸುತ್ತು ತಿರುಗಿಸಿ, ಬಬಲ್ ಮತ್ತೆ ನಡುವಿಗೆ ತಂದು ಅಳೆಯಿರಿ. ಎರಡರ ಮಧ್ಯೆ ಬರುವ ವ್ಯತ್ಯಾಸದ ಅರ್ಧ ನಿಮ್ಮ ಬಬಲ್‌ನ ತಪ್ಪು. ಎರಡರ ಸರಾಸರಿ ತೆಗೆದುಕೊಂಡರೆ ಬಬಲ್ ಕೆಟ್ಟಿದ್ದರೂ ಆ ದಿನದ ಕೆಲಸ ನಡೆಯುತ್ತದೆ.

ಗೂಟ ಹೊಡೆದ ಮೇಲೆ ಕೆಲಸ ಮುಗಿಯಲಿಲ್ಲ. ಹೊಡೆಯುವಾಗ ಗೂಟ ಸರಿಯುತ್ತದೆ, ಕಲ್ಲು ತಗುಲಿ ವಾಲುತ್ತದೆ. ತಲೆಯ ಮೇಲೆ ಕೋಲಿನ ಮೊನೆ ಇಟ್ಟು, ಮೂವತ್ತು ಸೆಕೆಂಡ್ ಅಳೆದು, ಬೇರೆ ಹೆಸರಿನಲ್ಲಿ ಉಳಿಸಿ. ದಾಖಲೆಯ P1 ಒಂದು, ನೆಲದಲ್ಲಿ ಕೂತ P1 ಇನ್ನೊಂದು. ಮುಂದೆ ಯಾರಾದರೂ ಕೇಳಿದಾಗ ತೋರಿಸಬೇಕಾದ್ದು ಈ ಎರಡನೆಯದು.

P3ಯಲ್ಲಿ ತೊಂದರೆ ಬಂತು. ಎತ್ತರದ ಗೋಡೆ, ಪಕ್ಕದಲ್ಲಿ ದಟ್ಟ ಮರ. ಅಲ್ಲಿಯೂ FIXED ಬಂತು, ಸ್ಕ್ರೀನಿನಲ್ಲಿ 0.019. ಗೂಟದ ಜಾಗ ಗುರುತಿಸಿಕೊಂಡು, ಫಿಕ್ಸ್ ಬಿಡಿಸಿ, ಮತ್ತೆ ಫಿಕ್ಸ್ ಮಾಡಿದಾಗ ಜಾಗ 31 ಸೆಂಟಿಮೀಟರ್ ಬೇರೆ. ಮೂರನೇ ಸಲ ಫ್ಲೋಟ್‌ನಲ್ಲೇ ನಿಂತಿತು. ಗೋಡೆಗೆ ಬಡಿದು ಬಂದ ಸಂಕೇತ, ಮರದಿಂದ ಕಡಿದುಹೋದ ಸಂಕೇತ, ಇವುಗಳಿಂದ ರಿಸೀವರ್ ಅಲೆಗಳ ಎಣಿಕೆಯನ್ನು ತಪ್ಪು ಮಾಡಿ ‘ಸಿಕ್ಕಿತು’ ಅಂತ ನಂಬಿದೆ. ಇದನ್ನೇ ಸುಳ್ಳು ಫಿಕ್ಸ್ ಅನ್ನುವುದು. 0.019 ಅನ್ನುವ ಅಂಕಿ ಎಣಿಕೆ ಸರಿ ಇದೆ ಅಂದುಕೊಂಡು ಹಾಕಿದ ಅಂದಾಜು. ಎಣಿಕೆಯೇ ತಪ್ಪಾದರೆ ಆ ಅಂದಾಜಿಗೆ ಬೆಲೆ ಇಲ್ಲ. ತೆರೆದ ಜಾಗದಲ್ಲಿ ಫಿಕ್ಸ್ ಮಾಡಿಕೊಂಡು ಹಾಗೇ ಮರದ ಕೆಳಗೆ ನಡೆದು ಬಂದರೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಒಳಗೆ ಬಂದ ಕೂಡಲೇ ಸಂಕೇತ ಕಡಿದರೆ ರಿಸೀವರ್ ಅಲ್ಲೇ ಹೊಸದಾಗಿ ಎಣಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನನಗೆ ಆ ಉಪಾಯದಲ್ಲಿ ನಂಬಿಕೆ ಇಲ್ಲ. ಸರಾಸರಿ ತೆಗೆಯುವುದರಲ್ಲಂತೂ ಅರ್ಥವೇ ಇಲ್ಲ. ತಪ್ಪಾದ ಎರಡು ಎಣಿಕೆಗಳ ಸರಾಸರಿ ಮೂರನೆಯ ತಪ್ಪು.

ಇಂಥಲ್ಲಿ ರೋವರನ್ನು ಮೂಲೆಗೆ ಒಯ್ಯಬೇಡಿ. P2ರಿಂದ P3ಕ್ಕೆ 40 ಮೀಟರ್. P2 ಬಯಲಲ್ಲಿದೆ, ಅದು ಸರಿಯಾಗಿ ಕೂತಿದೆ. ಅದೇ ಗೆರೆಯ ಮೇಲೆ P2ರಿಂದ 32 ಮೀಟರ್‌ನಲ್ಲಿ ಇನ್ನೂ ಆಕಾಶ ತೆರೆದಿದೆ, ಅಲ್ಲಿ ಒಂದು ಗೂಟ ಹೊಡೆದೆವು. ಎರಡರ ಮಧ್ಯೆ ದಾರ ಕಟ್ಟಿ, ಮುಂದಕ್ಕೆ ಎಳೆದು, ಟೇಪಿನಲ್ಲಿ 8 ಮೀಟರ್ ಅಳೆದೆವು. ಅಲ್ಲಿಗೆ P3. ಎರಡು ಗೂಟಗಳ ಅಂತರ ದೊಡ್ಡದಿದ್ದು ಮುಂದೆ ಎಳೆಯುವುದು ಚಿಕ್ಕದಿರಬೇಕು, ಇದು ಮುಖ್ಯ. ಐದು ಮೀಟರ್ ಅಂತರದ ಎರಡು ಗೂಟ ಇಟ್ಟು ಎಂಟು ಮೀಟರ್ ಮುಂದಕ್ಕೆ ಎಳೆದರೆ ಗೂಟದಲ್ಲಿರುವ ಒಂದು ಸೆಂಟಿಮೀಟರ್ ತಪ್ಪು ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಆಗಿಬಿಡುತ್ತದೆ. ಆಮೇಲೆ P4ರಿಂದ P3ಕ್ಕೆ ಟೇಪ್ ಹಿಡಿದೆವು. ದಾಖಲೆ 27.50, ಸಿಕ್ಕಿದ್ದು 27.51. ಮೊದಲ ಫಿಕ್ಸ್‌ನ ಜಾಗ ಈ ಗೂಟದಿಂದ 28 ಸೆಂಟಿಮೀಟರ್ ಆಚೆ ಇತ್ತು. ಎರಡನೆಯದು 3 ಸೆಂಟಿಮೀಟರ್. ಎರಡನೆಯದು ಹತ್ತಿರ ಇದ್ದದ್ದು ಆಮೇಲೆ ಗೊತ್ತಾಯಿತು. ಅಲ್ಲಿ ನಿಂತಾಗ ಯಾವುದು ಸರಿ ಅಂತ ಹೇಳುವ ದಾರಿಯೇ ಇರಲಿಲ್ಲ.

ಬಯಲಲ್ಲಿರುವ ಮೂಲೆಗಳನ್ನೂ ಎರಡು ಸಲ ನೋಡಿ. ಒಂದೇ ಸಲ ನಿಂತು ಎರಡು ಬಾರಿ ಅಳೆಯುವುದಲ್ಲ. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು, ಉಪಗ್ರಹಗಳು ಜಾಗ ಬದಲಾಯಿಸಿದ ಮೇಲೆ ಬನ್ನಿ. ಎರಡು ಸೆಂಟಿಮೀಟರ್ ಒಳಗೆ ಕೂಡಿದರೆ ಒಪ್ಪಿ. ಸ್ಕ್ರೀನಿನ 0.012 ಸಾಮಾನ್ಯವಾಗಿ ಮೂರರಲ್ಲಿ ಎರಡು ಸಲ ಸರಿ ಇರುವ ಲೆಕ್ಕ, ಅದನ್ನು ದುಪ್ಪಟ್ಟು ಮಾಡಿಯೇ ನೋಡಬೇಕು.

ಕೊನೆಯಲ್ಲಿ ಒಬ್ಬರು ಕೇಳಿದರು: ‘ಇಂಟರ್ನೆಟ್‌ನಿಂದ ಬರುವ ಎನ್‌ಟ್ರಿಪ್ ಕರೆಕ್ಷನ್ ಬಳಸಿದರೆ ಬೇಸೇ ಬೇಡ. ಆಗ C1, C2ಗೆ ಹೋಗುವ ಕೆಲಸ ಇರುವುದಿಲ್ಲವಲ್ಲ?’ Here ಬಟನ್‌ನ ತಪ್ಪು ಇರುವುದಿಲ್ಲ, ಬ್ಯಾಟರಿ ಬದಲಾಯಿಸುವಾಗಿನ ತಪ್ಪೂ ಇರುವುದಿಲ್ಲ, ನಿಜ. ಆ ಕರೆಕ್ಷನ್ ಕಳಿಸುವ ಶಾಶ್ವತ ಬೇಸ್ ಕೇಂದ್ರಗಳ ಕೋಆರ್ಡಿನೇಟ್‌ಗಳನ್ನು ಚೆನ್ನಾಗಿ ಕಟ್ಟಿರುತ್ತಾರೆ. ಆದರೆ ಅವು ತಮ್ಮ ಡೇಟಂನಲ್ಲಿ, ತಮ್ಮ ವರ್ಷದ ಲೆಕ್ಕದಲ್ಲಿರುತ್ತವೆ. ಭೂಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತವೆ. ನಿಮ್ಮ ಮೂಲೆಗಳ ದಾಖಲೆ ಯಾರೋ ಹಿಂದೆ Here ಒತ್ತಿದ ಬೇಸಿನಿಂದ ಬಂದಿದ್ದರೆ, ನೆಟ್‌ವರ್ಕ್ ಎಷ್ಟೇ ಸರಿ ಇದ್ದರೂ ಆ ದಾಖಲೆಗೆ ಕೂಡುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಇದ್ದರೂ C1, C2ರ ಮೇಲೆ ನಿಲ್ಲಲೇಬೇಕು. ಅಲ್ಲಿ ಬರುವ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದು, ಆಮೇಲೆ P1ರ ಕಡೆ ಹೊರಡಿ.